‘ಫ್ರೀಯಾಗಿ ಹಾಡು, ಹೆಸರು ಬರುತ್ತೆ’ ಅನ್ನೋರಿಗೆ ಒಂದು ಲೆಕ್ಕ

1/10

ಫೋಟೋದಲ್ಲಿರೋದು ನಮ್ಮ ಮನೆಯ ಮುಯ್ಯಿ ಪುಸ್ತಕ. ಅಕ್ಕನ ಮದುವೆಗೆ ಯಾರು ಎಷ್ಟು ಹಾಕಿದ್ರು ಅಂತ ಅಪ್ಪ ನೀಲಿ ಇಂಕಲ್ಲಿ ಬರೆದಿಟ್ಟಿರೋದು. ಹೆಸರುಗಳನ್ನ ಬೇಕಂತಲೇ ಮಸುಕು ಮಾಡಿದ್ದೀನಿ, ಝೂಮ್ ಮಾಡಿ ಉಪಯೋಗ ಇಲ್ಲ. ಈ ಪುಸ್ತಕ ಯಾಕೆ ಹಾಕ್ದೆ ಅಂತ ಆರನೇ ಪೋಸ್ಟಲ್ಲಿ ಗೊತ್ತಾಗುತ್ತೆ. ಅಲ್ಲೀವರೆಗೆ ಸ್ವಲ್ಪ ಜಗಳ ಇದೆ, ಓದಿ.

ಜಗಳ ಒಂದೇ ಮಾತಿನ ಮೇಲೆ. ನಮ್ಮ ಕ್ಲಾಸಲ್ಲೇ ಐದಾರು ಜನ ಚೆನ್ನಾಗಿ ಹಾಡ್ತಾರೆ, ಇಬ್ಬರು ಮೂವರು ಚೆನ್ನಾಗಿ ನಿರೂಪಣೆ ಮಾಡ್ತಾರೆ. ನಾಮಕರಣ, ಸೀಮಂತ, ಗೃಹಪ್ರವೇಶ, ಮೊದಲನೇ ವರ್ಷದ ಬರ್ತ್‌ಡೇ ಅಂತ ಯಾರೋ ಕರೀತಾರೆ. ಕರೆದೋರು ಎಲ್ಲರೂ ಒಂದೇ ಮಾತು ಹೇಳ್ತಾರೆ: ‘ಈಗ ಸುಮ್ನೆ ಮಾಡಮ್ಮ, ನೂರಾರು ಜನ ನೋಡ್ತಾರೆ, ಬಾಯಿಂದ ಬಾಯಿಗೆ ಹೆಸರು ಹೋಗುತ್ತೆ, ಆಮೇಲೆ ದುಡ್ಡು ತಾನಾಗೇ ಬರುತ್ತೆ.’

ಈ ಮಾತಲ್ಲಿ ಅರ್ಧ ನಿಜ. ಬಾಯಿಂದ ಬಾಯಿಗೆ ಹೆಸರು ಹೋಗೋದು ನಿಜ. ಆದರೆ ಹೆಸರು ಒಂಟಿಯಾಗಿ ಹೋಗಲ್ಲ. ಅದರ ಬಾಲಕ್ಕೆ ರೇಟೂ ಕಟ್ಕೊಂಡು ಹೋಗುತ್ತೆ. ‘ಆ ಹುಡುಗಿ ಚೆನ್ನಾಗಿ ಮಾತಾಡ್ತಾಳೆ’ ಅನ್ನೋ ವಾಕ್ಯ ಮುಗಿಯೋದು ಅಲ್ಲಲ್ಲ. ಮುಂದಿನ ಪ್ರಶ್ನೆ ಯಾವಾಗಲೂ ‘ಎಷ್ಟು ತಗೋತಾಳೆ?’ ಉತ್ತರ ‘ಏನೂ ಇಲ್ಲ, ಸುಮ್ನೆ ಬಂದಿದ್ಲು’ ಅಂತಾದ್ರೆ ನಿಮ್ಮ ಹೆಸರೇ ಅದು. ಸುಮ್ನೆ ಬರೋಳು.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಸುಮ್ನೆ ಹೋಗಿ, ಕೈ ಸುಟ್ಕೊಂಡು, ಇನ್ನೊಬ್ಬಳ ಕೈಯನ್ನೂ ಸುಟ್ಟು ಹೇಳ್ತಿದ್ದೀನಿ.

2/10

ಹೋದ ವರ್ಷ ಮಾರ್ಚ್, ಹೂಮಳೆ ಬಿದ್ದ ವಾರ. ನಮ್ಮೂರಿಂದ ಒಳಗೆ ಒಂದು ಎಸ್ಟೇಟ್ ಮನೆಯಲ್ಲಿ ನಾಮಕರಣ. ಅಮ್ಮನ ಪರಿಚಯದೋರು. ಸುಮಾರು ನೂರೈವತ್ತು ಜನ. ಬೆಳಗ್ಗೆ ಹತ್ತಕ್ಕೆ ಶುರು, ಒಂದೂವರೆಗೆ ಮುಗೀತು. ಎಲ್ಲರನ್ನೂ ಸ್ವಾಗತ ಮಾಡ್ದೆ, ತೊಟ್ಟಿಲ ಶಾಸ್ತ್ರಕ್ಕೆ ಎರಡು ಜೋಗುಳ, ಆಮೇಲೆ ನಾಲ್ಕು ಸಿನಿಮಾ ಹಾಡು, ಮಧ್ಯೆ ಮಕ್ಕಳಿಗೆ ಒಂದು ಆಟ. ಚಪ್ಪಾಳೆ ಚೆನ್ನಾಗೇ ಬಿತ್ತು. ಕೊನೆಗೆ ಎಲೆ ಅಡಿಕೆ, ಕಾಯಿ, ಒಂದು ರವಿಕೆ ಕಣ, ಡಬ್ಬಿಯಲ್ಲಿ ಹೋಳಿಗೆ ಕೊಟ್ಟು ಕಳಿಸಿದ್ರು. ಖುಷಿಯಾಗೇ ಬಂದೆ.

ಮಾರನೇ ದಿನ ಕಾಸ್ಟಿಂಗ್ ಕ್ಲಾಸಲ್ಲಿ ಬೋರ್ಡ್ ನೋಡ್ತಾ ಕೂತಿದ್ದಾಗ ನೋಟ್‌ಬುಕ್ ಕೊನೇ ಪುಟದಲ್ಲಿ ಬರೆದೆ.

ಬಸ್ಸು ಹೋಗಿ ಬರೋಕೆ 80. ಶಕ್ತಿ ಯೋಜನೆ ಇದೆಯಲ್ಲ ಮಾರಾಯ್ತಿ ಅಂತ ಕೇಳ್ಬೇಡಿ, ಅದು ಸರ್ಕಾರಿ ಬಸ್ಸಿಗೆ, ನಾನು ಹತ್ತಿದ್ದು ಖಾಸಗಿ ಬಸ್ಸು. ಬಸ್ಸು ಇಳಿದ ಜಾಗದಿಂದ ಎಸ್ಟೇಟ್ ಒಳಗೆ ಹೋಗಿ ಬರೋಕೆ ಆಟೋ 300. ಟ್ರಾಲಿ ಸ್ಪೀಕರು, ಎರಡು ಮೈಕಿನ ಬಾಡಿಗೆ 400. ಹೂವು, ಸೀರೆ ಇಸ್ತ್ರಿ 60. ಒಟ್ಟು 840 ನನ್ನ ಕೈಯಿಂದ.

ಈಗ ಗಂಟೆ. ಹಾಡು ಪ್ರಾಕ್ಟೀಸ್ 5, ಫೋನಲ್ಲಿ ಹೆಸರು ಬರ್ಕೊಂಡಿದ್ದು 1, ಓಡಾಟ ಮೂರೂವರೆ, ಕಾರ್ಯಕ್ರಮ ಮೂರೂವರೆ. ಹದಿಮೂರು ಗಂಟೆ. ನಾನು ಭಾನುವಾರ ಹೈಸ್ಕೂಲ್ ಮಕ್ಕಳಿಗೆ ಗಂಟೆಗೆ ನೂರರಂತೆ ಟ್ಯೂಷನ್ ಹೇಳ್ತೀನಿ. ಆ ವಾರ ಬಿಟ್ಟ ಟ್ಯೂಷನ್ನು, ಅದರ ತಯಾರಿ ಎಲ್ಲ ಇದೇ ಹದಿಮೂರು ಗಂಟೆಯೊಳಗೆ ಹೋಯ್ತು. ಅವಕಾಶ ವೆಚ್ಚ 1,300 ಅಂತ ಇಟ್ಕೊಳ್ಳಿ. 840 ಕೂಡಿಸಿದ್ರೆ 2,140.

ಅಂದ್ರೆ ‘ಸುಮ್ನೆ’ ಅನ್ನೋ ಕಾರ್ಯಕ್ರಮಕ್ಕೆ 2,140 ರೂಪಾಯಿ ಬಿದ್ದಿದೆ. ಕೊಟ್ಟಿದ್ದು ನಾನು. ಅದೇ ದಿನ ಅದೇ ಅಂಗಳದಲ್ಲಿ ಶಾಮಿಯಾನದೋರು, ಅಡುಗೆಯೋರು, ಫೋಟೋದೋರು ಎಲ್ಲರೂ ಇದ್ರು. ಎಲ್ಲರಿಗೂ ಅಡ್ವಾನ್ಸ್ ಮೊದಲೇ ಹೋಗಿತ್ತು. ‘ನೂರೈವತ್ತು ಜನ ನಿನ್ನ ಕುರ್ಚಿ ನೋಡ್ತಾರೆ, ಸುಮ್ನೆ ಹಾಕಪ್ಪ’ ಅಂತ ಶಾಮಿಯಾನದೋರಿಗೆ ಯಾರೂ ಹೇಳಿರಲಿಲ್ಲ.

3/10

‘ಸರಿ, ಆ ಖರ್ಚನ್ನ ಜಾಹೀರಾತು ಅಂದ್ಕೋ’ ಅಂತೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಜಾಹೀರಾತು ಕೆಲಸ ಮಾಡ್ತಾ ಇಲ್ವಾ ಅಂತ ನೋಡೋಣ.

ಆ ನಾಮಕರಣ ಆಗಿ ಒಂದು ತಿಂಗಳೊಳಗೆ ನಾಲ್ಕು ಫೋನ್ ಬಂತು. ನಾಲ್ಕು! ಕುಣಿದಾಡಿದೆ.

ಮೊದಲನೇದು ಆಲ್ದೂರಿಂದ, ಮಗುವಿನ ಅಜ್ಜಿಯ ತಂಗಿ. ‘ನನ್ನ ಸೊಸೆ ಸೀಮಂತಕ್ಕೂ ಬಾರಮ್ಮ, ಅಕ್ಕನ ಮನೆಗೆ ಬಂದಿದ್ಯಲ್ಲ, ಹಾಗೇ.’ ಈ ‘ಹಾಗೇ’ ಅನ್ನೋ ಪದ ಗಮನಿಸಿ. ಅದಕ್ಕೆ ಎರಡು ಅರ್ಥ. ಅಲ್ಲಿ ಮಾಡಿದ ಹಾಗೇ, ಮತ್ತೆ, ದುಡ್ಡಿಲ್ಲದೆ ಹಾಗೇ. ನಾನು ಧೈರ್ಯ ಮಾಡಿ ‘ಆಂಟಿ, ಎರಡು ಸಾವಿರ ಆಗುತ್ತೆ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಅಕ್ಕಂಗೊಂದು, ನಮಗೊಂದಾ?’ ಅಂದ್ರು. ಅವರ ತಪ್ಪೇನಿಲ್ಲ. ಅವರ ಕಣ್ಣಲ್ಲಿ ನಾನು ಸೊನ್ನೆಯಿಂದ ಎರಡು ಸಾವಿರಕ್ಕೆ ಒಂದೇ ತಿಂಗಳಲ್ಲಿ ರೇಟ್ ಏರಿಸಿದೋಳು.

ಎರಡನೇದು ಬರ್ತ್‌ಡೇ, ‘ಮಕ್ಕಳ ಜೊತೆ ಆಟ ಆಡಿಸಿ ಹೋಗು, ಊಟ ಇದೆ’. ಮೂರನೇದು ಗೃಹಪ್ರವೇಶ, ‘ಪೆಟ್ರೋಲಿಗೆ ಅಂತ ಐನೂರು ಕೊಡ್ತೀವಿ’. ನನ್ನ ಹತ್ರ ಗಾಡಿನೇ ಇಲ್ಲ. ನಾಲ್ಕನೇದು ಒಂದು ಸಂಘದ ವಾರ್ಷಿಕೋತ್ಸವ. ಅಲ್ಲಿ ನಿರೂಪಣೆಗೆ ಪೇಟೆಯಿಂದ ದುಡ್ಡು ಕೊಟ್ಟು ಒಬ್ಬರನ್ನ ಕರೆಸ್ತಾ ಇದ್ರು. ನನಗೆ ಪ್ರಾರ್ಥನೆ.

ನಾಲ್ಕು ಫೋನು, ನಾಲ್ಕೂ ಸೊನ್ನೆಯ ಸುತ್ತ. ಜಾಹೀರಾತು ಕೆಲಸ ಮಾಡಿತ್ತು, ಚೆನ್ನಾಗೇ ಮಾಡಿತ್ತು. ಯಾವುದನ್ನ ಜಾಹೀರಾತು ಮಾಡಿದ್ನೋ ಅದನ್ನೇ ಕೇಳ್ಕೊಂಡು ಬಂದ್ರು.

ಕಡಿಮೆ ರೇಟು ಇದ್ರೆ ಏರಿಸಬಹುದು. ಐನೂರು ಇದ್ದಿದ್ದು ಏಳ್ನೂರೈವತ್ತಾದ್ರೆ ಯಾರೂ ಮುಖ ಸಿಂಡರಿಸಲ್ಲ, ಪೆಟ್ರೋಲ್ ಜಾಸ್ತಿಯಾಗಿದೆ ಅಂತ ಅವರೇ ಸಮಾಧಾನ ಮಾಡ್ಕೋತಾರೆ. ಸೊನ್ನೆಗೆ ಎಷ್ಟು ಪರ್ಸೆಂಟ್ ಸೇರಿಸಿದ್ರೂ ಸೊನ್ನೆ. ಅದು ಬೆಲೆಯ ಮೊದಲ ಮೆಟ್ಟಿಲಲ್ಲ, ಬೇರೆ ಮನೆಯ ಮೆಟ್ಟಿಲು.

4/10

ಈ ಪೋಸ್ಟ್ ಬರೆಯೋಕೆ ಮನಸ್ಸಿರಲಿಲ್ಲ. ಆದ್ರೆ ಇದಿಲ್ಲದೆ ಉಳಿದಿದ್ದೆಲ್ಲ ಬರೀ ದುಡ್ಡಿನ ಮಾತಾಗುತ್ತೆ.

ನಮ್ಮ ಕಾಲೇಜಲ್ಲಿ ಒಬ್ಬರು ಸೀನಿಯರ್ ಅಕ್ಕ ಇದ್ರು. ಹೆಸರು ಹೇಳಲ್ಲ. ಅವರ ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದೋರು. ಅಕ್ಕ ಫಂಕ್ಷನ್‌ಗಳಿಗೆ ಹಾಡೋಕೆ ಹೋಗ್ತಿದ್ರು. ಒಂದಕ್ಕೆ ಸಾವಿರದ ಐನೂರು. ಆ ದುಡ್ಡಲ್ಲೇ ಪರೀಕ್ಷೆ ಫೀಸು, ಪಿಜಿ ಬಾಡಿಗೆಯ ಒಂದು ಪಾಲು.

ನಾಮಕರಣ ಮುಗಿದು ಎರಡು ವಾರ ಆದ್ಮೇಲೆ ಕ್ಯಾಂಟೀನಲ್ಲಿ ನಾನು ಆ ದಿನದ ವಿಡಿಯೋ ತೋರಿಸ್ತಾ ಕೂತಿದ್ದೆ. ಅಕ್ಕ ಬಂದು ನೋಡಿದ್ರು. ‘ಚೆನ್ನಾಗಿ ಹಾಡಿದ್ದೀಯ’ ಅಂದ್ರು. ಆಮೇಲೆ ಟೀ ಲೋಟ ತಿರುಗಿಸ್ತಾ, ‘ಆ ಮನೆಯೋರು ಮೊದಲು ನನ್ನ ಕೇಳಿದ್ರು. ಒಪ್ಕೊಂಡಿದ್ದೆ. ಆಮೇಲೆ ಫೋನ್ ಮಾಡಿ, ನಮ್ಮ ಪರಿಚಯದ ಹುಡುಗಿ ಸುಮ್ನೆ ಬರ್ತಾಳಂತೆ, ಬೇಡಮ್ಮ ಅಂದ್ರು’ ಅಂದ್ರು. ಅಷ್ಟೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ನಾನು ಅಲ್ಲೀವರೆಗೂ ಫ್ರೀಯಾಗಿ ಹೋಗಿದ್ದನ್ನ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ. ನಂಗೆ ಅಪ್ಪ ಫೀಸು ಕಟ್ತಾರೆ, ಸ್ವಲ್ಪ ತೋಟ ಇದೆ, ಆ 840 ಹೋದ್ರೆ ಒಂದು ತಿಂಗಳು ಬೇಕರಿ ಬಿಟ್ರೆ ಆಯ್ತು. ಆ ದೊಡ್ಡ ಮನಸ್ಸಿನ ಬಿಲ್ಲು ಹೋಗಿ ನಿಂತಿದ್ದು ನನ್ನ ಹತ್ರ ಅಲ್ಲ, ಅವರ ಹತ್ರ. ಸಾವಿರದ ಐನೂರು.

ಅದಕ್ಕೇ ಹೇಳ್ತಿದ್ದೀನಿ, ‘ನನ್ನ ಇಷ್ಟ, ನಾನು ಫ್ರೀ ಹೋಗ್ತೀನಿ, ನಿಂಗೆಂತಕ್ಕೆ?’ ಅನ್ನೋ ಮಾತು ನಡೆಯಲ್ಲ. ಮಲ್ಲಂದೂರು, ಆವತಿ, ಆಲ್ದೂರು ಸುತ್ತ ವರ್ಷಕ್ಕೆ ಆಗೋ ಚಿಕ್ಕ ಫಂಕ್ಷನ್‌ಗಳು ಬೆರಳೆಣಿಕೆಯಷ್ಟು. ಆಷಾಢದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಜೋರು ಮಳೆಯಲ್ಲಿ ಇಲ್ಲ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಕಡಿಮೆ. ಉಳಿದ ಕೆಲವೇ ವಾರಗಳಲ್ಲಿ ನೀವು ಸುಮ್ನೆ ಹೋದ ಒಂದೊಂದು ಮನೆಯೂ, ಬದುಕೋಕೆ ಅಂತ ಹಾಡೋ ಯಾರೋ ಒಬ್ಬರು ಕಳ್ಕೊಂಡ ಮನೆ.

5/10

ಈಗ ಹಿರಿಯರ ಮಾತು. ‘ನಮ್ಮ ಕಾಲದಲ್ಲಿ ಹಾಡೋಕೆ ಯಾರು ದುಡ್ಡು ತಗೋತಿದ್ರು? ಸಂಸ್ಕೃತಿ ಅಂತ ಹಾಡ್ತಿದ್ರು.’

ದೊಡ್ಡಮ್ಮ ಇದನ್ನ ಹೇಳಿದಾಗ ನಾನು ಎದುರು ಕೇಳ್ದೆ: ‘ದೀಪಾವಳಿಗೆ ಅಂಟಿಗೆ ಪಂಟಿಗೆಯೋರು ಬರ್ತಾರಲ್ಲ ದೊಡ್ಡಮ್ಮ, ಅವರನ್ನ ಬರಿಗೈಲಿ ಕಳಿಸಿದ ಮನೆ ಯಾವುದಾದ್ರೂ ಇದೆಯಾ?’

ಗೊತ್ತಿಲ್ಲದೋರಿಗೆ: ಮಲೆನಾಡಲ್ಲಿ ದೀಪಾವಳಿ ಹೊತ್ತಿಗೆ ದೀಪ ಹಿಡ್ಕೊಂಡು ರಾತ್ರಿಯೆಲ್ಲ ಮನೆಯಿಂದ ಮನೆಗೆ ಪದ ಹಾಡ್ತಾ ಹೋಗೋ ತಂಡ ಅದು. ಮನೆಯೋರು ಆ ದೀಪಕ್ಕೆ ಎಣ್ಣೆ ಎರೀತಾರೆ, ಹಾಡಿದೋರಿಗೆ ಅಕ್ಕಿ, ಕಾಯಿ, ದುಡ್ಡು ಕೊಡ್ತಾರೆ. ಕೊಡದೆ ಕಳಿಸೋದು ಮನೆಗೆ ಅವಮಾನ. ಮದುವೆ ಮನೆಯಲ್ಲಿ ಸೋಬಾನೆ ಹೇಳೋ ಅಜ್ಜಿಯರಿಗೂ ಎಲೆ ಅಡಿಕೆ ಕೊಟ್ಟು ಕರೆಯೋದು, ಕಣ ಸೀರೆ ಕೊಟ್ಟು ಕಳಿಸೋದು ಇದ್ದೇ ಇತ್ತು. ಅಕ್ಕಿಗೆ ಬೆಲೆ ಇದ್ದ ಕಾಲದಲ್ಲಿ ಅಕ್ಕಿ ಕೊಟ್ರು. ಅದನ್ನ ಫ್ರೀ ಅಂತ ಕರೆಯೋದು ಸುಳ್ಳು. ಈಗ ಅಕ್ಕಿ ತಗೊಂಡು ಆಟೋದೋರಿಗೆ ಕೊಡೋಕಾಗಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಾದ, ‘ನೀನಿನ್ನೂ ಕಲೀತಿರೋಳು, ಕಲಿಯೋವಾಗ ಎಂತ ದುಡ್ಡು?’ ಆಕಾಶವಾಣಿ ಕಡೆ ನೋಡಿ. ಅಲ್ಲಿ ಗಾಯಕರಿಗೆ ಧ್ವನಿಪರೀಕ್ಷೆ ಇದೆ. ಪಾಸಾದೋರಿಗೆ ದರ್ಜೆ ಕೊಡ್ತಾರೆ: ‘ಬಿ’, ‘ಬಿ ಹೈ’, ‘ಎ’, ‘ಟಾಪ್’. ದರ್ಜೆಗೆ ತಕ್ಕ ಸಂಭಾವನೆ. ‘ಬಿ’ ದರ್ಜೆಗೆ ಕಡಿಮೆ, ‘ಟಾಪ್’‌ಗೆ ಜಾಸ್ತಿ. ಆದರೆ ‘ಬಿ’ ದರ್ಜೆಯೋರು ಸುಮ್ನೆ ಹಾಡಿ ಹೋಗಿ ಅಂತ ಯಾರೂ ಅನ್ನಲ್ಲ. ಕಲಿಯೋದು ಬೇರೆ ಕಡೆ ಇದೆ: ಕಾಲೇಜ್ ಡೇ, ಗಣಪತಿ ಪೆಂಡಾಲು, ನಮ್ಮನೆ ಅಂಗಳ. ಅಲ್ಲಿ ತಪ್ಪು ಮಾಡಿ. ಇನ್ನೊಬ್ಬರ ಮನೆಯ ಮೈಕು ಹಿಡಿದ ಮೇಲೆ ಅದು ಕೆಲಸ.

ಸಂಭಾವನೆ ಅನ್ನೋ ಪದಕ್ಕೆ ಗೌರವ ಅನ್ನೋ ಅರ್ಥವೂ ಇದೆ. ನಮ್ಮ ಭಾಷೆಯಲ್ಲೇ ಇವೆರಡು ಒಂದೇ ಪದದಲ್ಲಿವೆ. ಬೇರೆ ಮಾಡಿದೋರು ನಾವು.

6/10

ಈಗ ಮುಯ್ಯಿ ಪುಸ್ತಕ.

‘ಹಂಗಾದ್ರೆ ಚಿಕ್ಕಮ್ಮನ ಮನೆಗೂ ಬಿಲ್ ಕೊಡ್ತೀಯಾ?’ ಅಂತ ತುಂಬಾ ಜನ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಸ್ವಂತ ಚಿಕ್ಕಮ್ಮನ ಹತ್ರ ಅಡ್ವಾನ್ಸ್ ಕೇಳೋಷ್ಟು ಧೈರ್ಯ ನಂಗಿಲ್ಲ, ಕೇಳಲೂಬಾರದು. ಆದರೆ ನಮ್ಮ ಊರುಗಳಲ್ಲಿ ಇದಕ್ಕೆ ಉತ್ತರ ಯಾವಾಗಲೋ ಇದೆ. ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರೆದಿಡ್ತೀವಿ. ಅದು ಸಾಲ ಅಲ್ಲ, ವ್ಯಾಪಾರ ಅಲ್ಲ. ಹಾಗಂತ ಲೆಕ್ಕಕ್ಕಿಲ್ಲದ್ದೂ ಅಲ್ಲ. ಅವರ ಮನೆಯಲ್ಲಿ ಕಾರ್ಯ ಆದಾಗ ಪುಸ್ತಕ ತೆಗೆದು ನೋಡಿ ಅಷ್ಟೋ, ಸ್ವಲ್ಪ ಮೇಲೋ ವಾಪಸ್ ಮಾಡ್ತೀವಿ.

ಮೇ ತಿಂಗಳಲ್ಲಿ ಆವತಿ ಕಡೆ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ನಾನೇ ನಿರೂಪಣೆ, ನಾನೇ ಹಾಡು. ಮುಯ್ಯಿ ಬರೆಯೋಕೆ ಕೂತಿದ್ದ ಅಣ್ಣನ ಹತ್ರ ಹೋಗಿ, ‘ನನ್ನ ಹೆಸರು ಬರಿ. ಹಾಡು, ನಿರೂಪಣೆ, ಎರಡೂವರೆ ಸಾವಿರ’ ಅಂದೆ. ಅವನು ನಕ್ಕ. ಪಕ್ಕದಲ್ಲಿದ್ದ ಚಿಕ್ಕಪ್ಪನೂ ನಕ್ರು. ನಾನು ನಗ್ಲಿಲ್ಲ. ‘ಚಿಕ್ಕಪ್ಪ, ಬೇರೆ ಮನೆಗೆ ಹೋದ್ರೆ ಇಷ್ಟು ತಗೋತೀನಿ. ನಿಮಗೆ ಇದು ನನ್ನ ಮುಯ್ಯಿ. ಬರೀಲಿ’ ಅಂದೆ. ಚಿಕ್ಕಪ್ಪ ನಗು ನಿಲ್ಲಿಸಿ, ‘ಬರಿಯೋ’ ಅಂದ್ರು. ಬರೆದ.

ಮೂರು ವಾರ ಆದ್ಮೇಲೆ ಆ ದಿನ ಅಲ್ಲಿಗೆ ಬಂದಿದ್ದ ಒಬ್ಬರು ಫೋನ್ ಮಾಡಿದ್ರು. ‘ಎರಡೂವರೆ ಸಾವಿರ ಅಂತೆ, ಸ್ವಲ್ಪ ಕಡಿಮೆ ಮಾಡ್ತೀಯಾ?’ ಅಂದ್ರು. ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಹತ್ರ ಚೌಕಾಸಿ ಮಾಡಿದ್ರು. ನಾಮಕರಣದ ಚಪ್ಪಾಳೆಗಿಂತ ಅದು ಕಿವಿಗೆ ಚೆನ್ನಾಗಿತ್ತು. ಎರಡು ಸಾವಿರದ ಇನ್ನೂರಕ್ಕೆ ಒಪ್ಪಿದೆ, ಆಟೋ ಅವರದ್ದೇ.

ಎರಡೂ ಸಲ ನನ್ನ ಕೈಗೆ ಬಂದಿದ್ದು ಸೊನ್ನೆ ರೂಪಾಯಿ. ನಾಮಕರಣದಲ್ಲೂ, ಗೃಹಪ್ರವೇಶದಲ್ಲೂ. ಆದರೆ ಒಂದರಿಂದ ಹೊರಟ ಮಾತು ‘ಸುಮ್ನೆ ಬರ್ತಾಳೆ’, ಇನ್ನೊಂದರಿಂದ ಹೊರಟಿದ್ದು ‘ಎರಡೂವರೆ ಸಾವಿರ ತಗೋತಾಳೆ, ಚಿಕ್ಕಮ್ಮನಿಗೆ ಬಿಟ್ಟಳು’. ಕೊಡುಗೆ ಕೊಡಿ, ಬೆಲೆ ಹೇಳಿ ಕೊಡಿ. ಒಂದು ಎಚ್ಚರ: ಮುಯ್ಯಿ ಕೊಡು-ಕೊಳ್ಳು ಇರೋ ಮನೆಗಳ ಮಧ್ಯೆ ಮಾತ್ರ. ಸಂಘ, ಸಂಸ್ಥೆ, ಪರಿಚಯದೋರ ಪರಿಚಯದೋರು ಇದರಲ್ಲಿ ಬರಲ್ಲ.

7/10

‘ಇಷ್ಟೆಲ್ಲ ಯಾಕೆ, ರೀಲ್ಸ್ ಹಾಕು, ಬುಕಿಂಗ್ ಬರುತ್ತೆ.’ ಇದು ನಮ್ಮ ಕ್ಲಾಸಿನೋರ ವಾದ. ರೀಲ್ಸ್ ಆ್ಯಪಲ್ಲೇ ಕೂತು ರೀಲ್ಸ್‌ಗೆ ಬೈತಿದ್ದೀನಿ, ಗೊತ್ತು.

ಗೃಹಪ್ರವೇಶ ಆದ್ಮೇಲೆ ಬಂದ ಪ್ರತಿ ಫೋನಿಗೂ ನಾನು ಒಂದು ಪ್ರಶ್ನೆ ಕೇಳ್ತೀನಿ: ‘ನನ್ನ ನಂಬರ್ ಯಾರು ಕೊಟ್ರು?’ ಉತ್ತರ ಬರೆದಿಡ್ತೀನಿ. ಇಲ್ಲೀವರೆಗೆ ಹನ್ನೊಂದು ಫೋನು. ನಾಲ್ಕು, ಕಾರ್ಯಕ್ರಮ ಮಾಡಿದ ಮನೆಯ ಹೆಂಗಸರ ಅಕ್ಕ ತಂಗಿ ನಾದಿನಿಯರಿಂದ. ಮೂರು, ಫೋಟೋದೋರಿಂದ. ಎರಡು, ಶಾಮಿಯಾನ ಸೌಂಡಿನೋರಿಂದ. ಒಂದು ಅಡುಗೆಯೋರಿಂದ. ಒಂದೇ ಒಂದು ಈ ಅಕೌಂಟಿಂದ, ಅವರು ‘ರೇಟ್ ಎಷ್ಟು’ ಅಂತ ಕೇಳಿ ಕಾಣೆಯಾದ್ರು.

ಯಾಕೆ ಹೀಗೆ ಅಂತ ಯೋಚಿಸಿ. ಒಂದು ಮನೆಯಲ್ಲಿ ಸೀಮಂತ ಅಂದ್ರೆ ಮೊದಲು ಪುರೋಹಿತರ ಹತ್ರ ದಿನ ಕೇಳ್ತಾರೆ. ಆಮೇಲೆ ಅಡುಗೆಯೋರು ಆ ದಿನ ಖಾಲಿ ಇದ್ದಾರಾ ನೋಡ್ತಾರೆ. ಆಮೇಲೆ ಶಾಮಿಯಾನ, ಆಮೇಲೆ ಫೋಟೋ. ಮಾತಾಡೋರು, ಹಾಡೋರು ಬೇಕು ಅಂತ ನೆನಪಾಗೋದು ಕೊನೇ ವಾರದಲ್ಲಿ, ಅದೂ ಸೊಸೆಯೋ ಮಗಳೋ ಹಠ ಹಿಡಿದ್ರೆ. ಆಗ ಆ ಮನೆಯೊಡತಿ ಹುಡುಕ್ತಾ ಕೂರಲ್ಲ. ಎದುರಿಗೆ ಈಗಾಗಲೇ ಯಾರು ನಿಂತಿದ್ದಾರೋ ಅವರನ್ನೇ ಕೇಳ್ತಾರೆ: ‘ಯಾರಾದ್ರೂ ಗೊತ್ತಾ ನಿಮಗೆ?’ ಎದುರಿಗಿರೋದು ಫೋಟೋದೋರು, ಸೌಂಡಿನೋರು, ಅಡುಗೆಯೋರು.

ಅಂದ್ರೆ ಬಾಯಿಂದ ಬಾಯಿಗೆ ಅನ್ನೋದರಲ್ಲಿ ನೂರೈವತ್ತು ಬಾಯಿ ಇಲ್ಲ. ನಾಲ್ಕೈದು ಬಾಯಿ ಇದೆ. ಚಪ್ಪಾಳೆ ಹೊಡೆದೋರು ಹೋಳಿಗೆ ತಿಂದು ಮನೆಗೆ ಹೋದ್ರು, ಅವರ ಮನೆಯಲ್ಲಿ ಮುಂದಿನ ಫಂಕ್ಷನ್ ಯಾವಾಗಲೋ. ಸೌಂಡಿನೋರು ಮುಂದಿನ ಭಾನುವಾರವೇ ಇನ್ನೊಂದು ಅಂಗಳದಲ್ಲಿ ವೈರ್ ಎಳೀತಾ ಇರ್ತಾರೆ. ‘ನೂರೈವತ್ತು ಜನ ನೋಡ್ತಾರೆ’ ಅನ್ನೋ ಆಮಿಷ ಎಷ್ಟು ಟೊಳ್ಳು ಅಂತ ಇಲ್ಲೇ ಗೊತ್ತಾಗುತ್ತೆ.

8/10

ಆ ನಾಲ್ಕೈದು ಬಾಯಿ ಏನು ಹೇಳುತ್ತೆ? ಇದೂ ಬರೆದಿಟ್ಟಿದ್ದೀನಿ. ‘ಕಂಠ ಚೆನ್ನಾಗಿದೆ’ ಅಂತ ಕೆಲಸದೋರು ಯಾರೂ ಹೇಳಿರಲಿಲ್ಲ. ಸ್ವಲ್ಪ ಬೇಜಾರಾಯ್ತು, ಆಮೇಲೆ ಅರ್ಥ ಆಯ್ತು.

ಅಡುಗೆಯೋರು ಹೇಳಿದ್ದು: ‘ಹೇಳಿದ ಟೈಮಿಗೆ ಊಟಕ್ಕೆ ಬಿಡ್ತಾಳೆ.’ ಮೂರು ಪಂಕ್ತಿ ಇದ್ರೆ ಮೊದಲನೇದು ಹನ್ನೆರಡೂವರೆಗೆ ಕೂರಬೇಕು. ನಾನು ಇನ್ನೊಂದು ಹಾಡು, ಇನ್ನೊಂದು ಆಟ ಅಂತ ಅರ್ಧ ಗಂಟೆ ಎಳೆದ್ರೆ ಅನ್ನ ಆರುತ್ತೆ, ಕೊನೇ ಪಂಕ್ತಿ ಮೂರಕ್ಕೆ ಹೋಗುತ್ತೆ, ಬಸ್ಸಿಗೆ ಹೋಗೋರು ಊಟ ಬಿಟ್ಟು ಎದ್ದು ಹೋಗ್ತಾರೆ. ಬೈಗುಳ ತಿನ್ನೋದು ಅಡುಗೆಯೋರು. ಅದಕ್ಕೇ ಬಂದ ತಕ್ಷಣ ಒಲೆ ಹತ್ರ ಹೋಗಿ ‘ಅಣ್ಣ, ಎಷ್ಟೊತ್ತಿಗೆ ಎಲೆ ಹಾಕ್ತೀರಿ?’ ಅಂತ ಕೇಳ್ತೀನಿ. ಆ ಹೊತ್ತಿಗೆ ಹತ್ತು ನಿಮಿಷ ಮುಂಚೆ ಯಾವ ಹಾಡಿದ್ರೂ ನಿಲ್ಲಿಸ್ತೀನಿ.

ಸೌಂಡಿನೋರು ಹೇಳಿದ್ದು: ‘ಮೈಕು ಕೂಗಿಸಲ್ಲ.’ ಮೈಕ್ ಹಿಡ್ಕೊಂಡು ಸ್ಪೀಕರ್ ಎದುರಿಗೆ ನಡೆದ್ರೆ, ಸ್ಪೀಕರಿಂದ ಬಂದ ದನಿ ಮತ್ತೆ ಮೈಕಿಗೇ ಹೋಗಿ ಸುತ್ತಿ ಸುತ್ತಿ ಕೀಂಯ್ ಅನ್ನುತ್ತೆ. ಜನ ತಿರುಗಿ ನೋಡೋದು ಸೌಂಡಿನೋರ ಮುಖ. ಮೈಕಿನ ತಲೆಯನ್ನ ಅಂಗೈಲಿ ಮುಚ್ಚಿ ಹಿಡಿದ್ರೂ ಹಾಗೇ ಆಗುತ್ತೆ, ಸಿನಿಮಾದೋರನ್ನ ನೋಡಿ ಹಿಡೀಬೇಡಿ. ಸ್ಪೀಕರ್ ಯಾವಾಗಲೂ ನಮಗಿಂತ ಮುಂದೆ, ಜನರ ಕಡೆ ಮುಖ ಮಾಡಿರ್ಲಿ. ಟ್ರ್ಯಾಕ್‌ಗಳನ್ನ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಎಸ್ಟೇಟ್ ಒಳಗೆ ನೆಟ್‌ವರ್ಕ್ ನಂಬಿದೋರು ಮಂಗಳಾರತಿ ಮಾಡಿಸ್ಕೊಂಡಿದ್ದಾರೆ. ಕರೆಂಟ್ ಹೋಗಿ ಜನರೇಟರ್ ಬರೋವರೆಗೆ ಮೈಕಿಲ್ಲದೆ ಮಾತಾಡೋಕೆ ಎರಡು ನಿಮಿಷದ ಮಾತು ಇಟ್ಕೊಳ್ಳಿ.

ಫೋಟೋದೋರು ಹೇಳಿದ್ದು: ‘ಅಡ್ಡ ನಿಲ್ಲಲ್ಲ, ಆರತಿ ಮಾಡೋವಾಗ ಕಾಯ್ತಾಳೆ.’

ನೋಡಿ, ಒಬ್ಬೊಬ್ಬರೂ ಹೊತ್ಕೊಂಡು ಹೋಗೋದು ಅವರವರ ಕೆಲಸಕ್ಕೆ ನಾನು ಕೊಟ್ಟ ಅನುಕೂಲವನ್ನ. ಇದಕ್ಕೆಲ್ಲ ಬೆಲೆ ಕಡಿಮೆ ಮಾಡೋ ಅಗತ್ಯ ಒಂಚೂರೂ ಇಲ್ಲ.

9/10

ನಂದೇ ಒಂದು ತಪ್ಪು ಹೇಳ್ತೀನಿ, ಯಾಕಂದ್ರೆ ಬಾಯಿಂದ ಬಾಯಿಗೆ ಕೆಟ್ಟದ್ದೂ ಹೋಗುತ್ತೆ, ಹೋಗಲೂಬೇಕು.

ಒಂದು ಸೀಮಂತ. ದುಡ್ಡು ಕೊಟ್ಟು ಕರೆದಿದ್ರು. ಆರತಿಗೆ ನಾನು ಜೋರಾಗಿ, ‘ಈಗ ಮುತ್ತೈದೆಯರೆಲ್ಲ ಮುಂದೆ ಬನ್ನಿ’ ಅಂದೆ. ಎಲ್ಲ ಕಡೆ ಹೇಳೋ ಮಾತು. ಗರ್ಭಿಣಿ ಅಕ್ಕನ ಪಕ್ಕದಲ್ಲೇ ಒಬ್ಬರು ಅಜ್ಜಿ ನಿಂತಿದ್ರು, ಅವಳ ಹೆಗಲ ಮೇಲೆ ಕೈ ಇತ್ತು. ನನ್ನ ಮಾತು ಕೇಳಿದ ತಕ್ಷಣ ಆ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಬಾಗಿಲ ಕಡೆ ನಡೆದ್ರು. ತಾಯಿ ಇಲ್ಲದ ಆ ಹುಡುಗೀನ ಸಾಕಿ ಬೆಳೆಸಿದ್ದೇ ಆ ಅಜ್ಜಿ ಅಂತ ಊಟಕ್ಕೆ ಕೂತಾಗ ಗೊತ್ತಾಯ್ತು. ಗರ್ಭಿಣಿ ಅಕ್ಕ ಆ ಮೇಲೆ ಒಂದು ಫೋಟೋದಲ್ಲೂ ನಕ್ಕಿರಲಿಲ್ಲ.

ಆ ಮನೆಯಿಂದ ನಂಗೆ ಒಂದು ಫೋನೂ ಮುಂದಕ್ಕೆ ಹೋಗ್ಲಿಲ್ಲ. ಸರಿಯಾಗೇ ಆಯ್ತು.

ಈಗ ಹಿಂದಿನ ದಿನ ಫೋನ್ ಮಾಡಿ ಮೂರು ವಿಷಯ ಕೇಳ್ತೀನಿ. ಮೊದಲು ಯಾರನ್ನ ಕರೀಬೇಕು, ಅವರ ಹೆಸರು ಮನೆಯಲ್ಲಿ ಹೇಗೆ ಹೇಳ್ತಾರೆ. ಇತ್ತೀಚೆಗೆ ಮನೆಯಲ್ಲಿ ಯಾರಾದ್ರೂ ತೀರಿಹೋಗಿದ್ದಾರಾ, ಅವರನ್ನ ನೆನೆಯೋದು ಬೇಕಾ ಬೇಡ್ವಾ. ಮೈಕಲ್ಲಿ ಯಾವ ಮಾತು ಬರಬಾರದು. ಮೂರನೇ ಪ್ರಶ್ನೆಗೆ ಎಲ್ಲರೂ ಸ್ವಲ್ಪ ತಡೆದು ಉತ್ತರ ಕೊಡ್ತಾರೆ. ಮಾತು ಬಿಟ್ಟ ಅಣ್ಣ ತಮ್ಮಂದಿರು, ಮಕ್ಕಳಾಗದ ಅತ್ತಿಗೆ, ಕೆಲಸ ಬಿಟ್ಟ ಅಳಿಯ. ಆ ಉತ್ತರ ನನ್ನ ಹೊಟ್ಟೆಯಲ್ಲೇ ಇರುತ್ತೆ. ಆರತಿಗೆ ಈಗ ನಾನು ಹೇಳೋದು ‘ಮನೆಯ ಹಿರಿಯರು, ಅಕ್ಕ ತಂಗಿಯರು ಬನ್ನಿ’ ಅಂತ. ಬರಬೇಕೋ ಬೇಡ್ವೋ ಅನ್ನೋದನ್ನ ಮನೆಯೋರು ನೋಡ್ಕೊಳ್ಳಲಿ. ಮೈಕು ಯಾರನ್ನೂ ಹೊರಗೆ ಕಳಿಸಬಾರದು.

ನಿರೂಪಣೆಯಲ್ಲಿ ದೊಡ್ಡ ಹೆಸರು ಮಾಡಿದ ಅಪರ್ಣಾ ನಮ್ಮ ಜಿಲ್ಲೆಯೋರೇ, ಕಡೂರು ತಾಲೂಕಿನ ಪಂಚನಹಳ್ಳಿ. 2024ರ ಜುಲೈನಲ್ಲಿ ಅವರು ತೀರಿಹೋದಾಗ ಎಲ್ಲರೂ ನೆನೆಸಿಕೊಂಡಿದ್ದು ಅವರ ಕನ್ನಡವನ್ನ. ಮಾತಿನ ಮೇಲೆ ಅಷ್ಟು ನಿಗಾ ಇಡೋದು ಕೆಲಸ. ಈ ನಿಗಾಕ್ಕೆ ಬೇಕಾದ ಹೊತ್ತು ಸುಮ್ನೆ ಹೋದೋರಿಗೆ ಸಿಗಲ್ಲ. ನಾಮಕರಣಕ್ಕೆ ನಾನು ಒಂದು ಗಂಟೆಯಲ್ಲಿ ಹೆಸರು ಮಾತ್ರ ಬರ್ಕೊಂಡಿದ್ದೆ. ‘ಸುಮ್ನೆ ಹೋಗ್ತಿರೋದು ತಾನೆ, ಸಾಕು’ ಅಂತ ಮನಸ್ಸು ತಾನೇ ಹೇಳುತ್ತೆ.

10/10

ಕೊನೇದು. ಕಾಮೆಂಟಲ್ಲಿ ಜಗಳಕ್ಕೆ ಬರೋರಿಗೆ ಅನುಕೂಲ ಆಗ್ಲಿ ಅಂತ ಫೋನಲ್ಲಿ ನಾನು ಈಗ ಹೇಳೋದನ್ನ ಹಾಗೇ ಬರೀತೀನಿ.

‘ಮೂರು ಗಂಟೆ ಕಾರ್ಯಕ್ರಮಕ್ಕೆ ಎರಡೂವರೆ ಸಾವಿರ ಆಂಟಿ. ಸೌಂಡು ನಿಮ್ಮದೇ ಇದ್ರೆ ನಾನೂರು ಕಡಿಮೆ. ಅರ್ಧ ಈಗ, ಅರ್ಧ ಊಟಕ್ಕೆ ಮುಂಚೆ. ಬಸ್ಸು ಇಲ್ಲದ ಜಾಗ ಆದ್ರೆ ಕರ್ಕೊಂಡು ಹೋಗಿ, ಕತ್ತಲಾದ್ರೆ ಮನೆಗೆ ಬಿಡೋದು ನಿಮ್ಮ ಜವಾಬ್ದಾರಿ. ರಾತ್ರಿ ಹತ್ತಾದ ಮೇಲೆ ಅಂಗಳದಲ್ಲಿ ಮೈಕು ಹಾಕೋ ಹಾಗಿಲ್ಲ, 2000ನೇ ಇಸವಿಯಿಂದ ಶಬ್ದದ ನಿಯಮ ಇದೆ, ನಾನು ಅಷ್ಟೊತ್ತಿಗೆ ನಿಲ್ಲಿಸ್ತೀನಿ.’

ಇಷ್ಟು ಹೇಳೋಕೆ ಒಂದು ನಿಮಿಷ. ಮೊದಲ ಸಲ ಹೇಳೋವಾಗ ದನಿ ನಡುಗುತ್ತೆ, ಇನ್ನೂರು ಜನರೆದುರು ಹಾಡಿದ್ರೂ ನಡುಗದ ದನಿ. ಅರ್ಧದಷ್ಟು ಜನ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅಂತ ಇಡ್ತಾರೆ, ಮತ್ತೆ ಮಾಡಲ್ಲ. ಅದನ್ನ ಮುಚ್ಚಿಡಲ್ಲ. ಹನ್ನೊಂದರಲ್ಲಿ ನಂಗೆ ಆಗಿದ್ದು ಐದು. ಒಂದಕ್ಕೆ 2,200, ಉಳಿದ ನಾಲ್ಕಕ್ಕೆ ಎರಡೂವರೆ. ಒಟ್ಟು 12,200. ಎಲ್ಲ ಖರ್ಚು, ಟ್ಯೂಷನ್ ಗಂಟೆ ಕಳೆದ್ರೆ ಉಳಿದಿದ್ದು ದೊಡ್ಡದೇನಲ್ಲ. ಇದರಿಂದ ಯಾರೂ ಶ್ರೀಮಂತರಾಗಲ್ಲ. ಆದರೆ ನಷ್ಟ ಇಲ್ಲ, ಮತ್ತೆ ನನ್ನಿಂದ ಇನ್ನೊಬ್ಬರ ರೇಟ್ ಬಿದ್ದಿಲ್ಲ.

ಸೀನಿಯರ್ ಅಕ್ಕನಿಗೆ ಈಗ ಪೇಟೆಯಲ್ಲಿ ಕೆಲಸ ಇದೆ, ಭಾನುವಾರ ಮಾತ್ರ ಹಾಡ್ತಾರೆ. ಹೋದ ತಿಂಗಳು ನಂಗೆ ಇಂಟರ್ನಲ್ಸ್ ಇತ್ತು, ಬಂದ ಒಂದು ಫಂಕ್ಷನ್ನ ಅವರಿಗೆ ಕಳಿಸ್ದೆ. ಮನೆಯೋರಿಗೆ ಹೇಳಿದ್ದು ‘ಎರಡೂವರೆ ಸಾವಿರ, ನಂಗಿಂತ ಚೆನ್ನಾಗಿ ಹಾಡ್ತಾರೆ’ ಅಂತ. ಅಕ್ಕ ರಾತ್ರಿ ಮೆಸೇಜ್ ಹಾಕಿದ್ರು: ‘ನಾನು ಸಾವಿರದ ಐನೂರು ಅಂತ ಹೇಳೋಳಿದ್ದೆ ಕಣೇ, ಅವರೇ ಎರಡೂವರೆ ಕೊಟ್ರು.’

ರೇಟ್ ಬಾಯಿಂದ ಬಾಯಿಗೆ ಹೋಗುತ್ತೆ ಅಂದೆನಲ್ಲ. ಮೇಲಕ್ಕೂ ಹೋಗುತ್ತೆ. ನಮ್ಮ ಕ್ಲಾಸಿನ ಹಾಡೋರೇ, ಮಾತಾಡೋರೇ, ನಿಮ್ಮ ರೇಟ್ ಕೆಳಗೆ ಬರೀರಿ. ಐನೂರಾದ್ರೂ ಸರಿ. ಸೊನ್ನೆ ಮಾತ್ರ ಬರೀಬೇಡಿ.

#ಮಲ್ಲಂದೂರು #ಮುಯ್ಯಿ #ಸುಮ್ನೆಬರಲ್ಲ #ಚಿಕ್ಕಮಗಳೂರು #ನಿರೂಪಣೆ